ನವೆಂಬರ್ 2025ರ 100 ಕಿಲೋಮೀಟರ್ ಓಟ: ವಾರದ ಮತ್ತು ದಿನದ ಗುರಿಗಳು

ಕುವೆಂಪುನಗರದ ನಮ್ಮ ಓಟಗಾರರ ಬಳಗ ಈ ನವೆಂಬರ್‌ನಲ್ಲಿ ತಲಾ 100 ಕಿಲೋಮೀಟರ್ ಓಡಬೇಕೆಂದು ನಿರ್ಧರಿಸಿದೆ. ಈಗಾಗಲೇ ವಾರಕ್ಕೆ 18ರಿಂದ 20 ಕಿಲೋಮೀಟರ್ ಓಡುತ್ತಿರುವವರನ್ನು ಗಮನದಲ್ಲಿಟ್ಟುಕೊಂಡು ಈ ಯೋಜನೆಯನ್ನು ಸಿದ್ಧಪಡಿಸಲಾಗಿದೆ. ಅದಕ್ಕಿಂತ ಕಡಿಮೆ ಓಡುವವರಿಗೆ 60 ಕಿಲೋಮೀಟರಿನ ಯೋಜನೆಯೊಂದು ಮುಂದೆ ಇದೆ. ಅದನ್ನು ಆರಿಸಿಕೊಳ್ಳಲು ಯಾರೂ ಹಿಂಜರಿಯಬೇಕಿಲ್ಲ.

ನೂರನ್ನು 30ರಿಂದ ಭಾಗಿಸಿದರೆ ದಿನಕ್ಕೆ 3.3 ಕಿಲೋಮೀಟರ್ ಬರುತ್ತದೆ. ಲೆಕ್ಕ ಸುಲಭವಾಗಿ ಕಂಡರೂ ಇದನ್ನು ನಾನು ಒಪ್ಪುವುದಿಲ್ಲ. ಪ್ರತಿದಿನವೂ ಅಷ್ಟಷ್ಟೇ ಓಡಿದರೆ ಕಾಲಿಗೆ ಒಂದು ದಿನವೂ ಬಿಡುವು ಸಿಗುವುದಿಲ್ಲ, ದೂರದ ಓಟದ ಅಭ್ಯಾಸವೂ ಆಗುವುದಿಲ್ಲ. ಎರಡು ದಿನ ತಪ್ಪಿದರೆ ಉಳಿದ ಲೆಕ್ಕವೆಲ್ಲ ಏರುಪೇರಾಗುತ್ತದೆ. ಆದ್ದರಿಂದ ಮೊದಲು ವಿಶ್ರಾಂತಿಯ ದಿನಗಳನ್ನು ಗೊತ್ತುಮಾಡಿ, ಆಮೇಲೆ ಉಳಿದ ದಿನಗಳಿಗೆ ದೂರವನ್ನು ಹಂಚಿದ್ದೇನೆ. ಸೋಮವಾರ ಮತ್ತು ಶುಕ್ರವಾರ ಪೂರ್ಣ ವಿಶ್ರಾಂತಿ. ಬುಧವಾರವೂ ಓಟವಿಲ್ಲ, ಬೇಕೆನಿಸಿದವರು ಅರ್ಧ ಗಂಟೆ ನಡೆಯಬಹುದು, ಇಲ್ಲವೆ ಮನೆಯಲ್ಲೇ ತೊಡೆ, ಸೊಂಟ ಮತ್ತು ಮೀನಖಂಡದ ವ್ಯಾಯಾಮ ಮಾಡಬಹುದು. ಹೀಗೆ ಇಡೀ ತಿಂಗಳಲ್ಲಿ 18 ದಿನ ಓಟ, 12 ದಿನ ವಿಶ್ರಾಂತಿ.

ಈ ವರ್ಷ ನವೆಂಬರ್ ಶನಿವಾರ ಆರಂಭವಾಗಿ ಭಾನುವಾರ ಮುಗಿಯುತ್ತದೆ. ಆರಂಭದ ಎರಡು ದಿನಗಳನ್ನು ಬಿಟ್ಟರೆ ಸೋಮವಾರದಿಂದ ಭಾನುವಾರದವರೆಗಿನ ನಾಲ್ಕು ಪೂರ್ಣ ವಾರಗಳು ಸಿಗುತ್ತವೆ. ಈ ಐದು ಭಾಗಗಳಿಗೆ ದೂರವನ್ನು ಕ್ರಮವಾಗಿ 8, 23, 25, 19 ಮತ್ತು 25 ಕಿಲೋಮೀಟರ್ ಎಂದು ಹಂಚಲಾಗಿದೆ.

ನವೆಂಬರ್ 1, ರಾಜ್ಯೋತ್ಸವದ ದಿನ, ಧ್ವಜಾರೋಹಣಕ್ಕೆ ಹೋಗುವವರಿಗೆ ಅಡಚಣೆಯಾಗದಂತೆ ಬೆಳಿಗ್ಗೆಯೇ 3 ಕಿಲೋಮೀಟರ್ ಓಡಿ ಮುಗಿಸಬೇಕು. ಭಾನುವಾರ, 2ರಂದು, 5 ಕಿಲೋಮೀಟರ್. ಅಂದಿಗೆ ಒಟ್ಟು 8 ಆಗಿರಬೇಕು.

ಮೊದಲನೆಯ ವಾರದ ಗುರಿ 23. ಮಂಗಳವಾರ, 4ರಂದು, 5. ಗುರುವಾರ, 6ರಂದು, 6. ಶನಿವಾರ, 8ರಂದು, 4. ಭಾನುವಾರ, 9ರಂದು, 8 ಕಿಲೋಮೀಟರ್. ವಾರದ ಕೊನೆಗೆ ಒಟ್ಟು 31.

ಎರಡನೆಯ ವಾರದ ಗುರಿ 25. ಮಂಗಳವಾರ, 11ರಂದು, 6. ಗುರುವಾರ, 13ರಂದು, 6. ಶನಿವಾರ, 15ರಂದು, 4. ಭಾನುವಾರ, 16ರಂದು, 9. ಅಲ್ಲಿಗೆ ಒಟ್ಟು 56 ಆಗುತ್ತದೆ, ಅಂದರೆ ತಿಂಗಳ ಮಧ್ಯಭಾಗಕ್ಕೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಕೈಯಲ್ಲಿರುತ್ತದೆ.

ಮೂರನೆಯ ವಾರದ ಗುರಿಯನ್ನು ಬೇಕೆಂದೇ 19ಕ್ಕೆ ಇಳಿಸಿದ್ದೇನೆ. ಮಂಗಳವಾರ, 18ರಂದು, 5, ಗುರುವಾರ, 20ರಂದು, 5, ಶನಿವಾರ, 22ರಂದು, 3, ಭಾನುವಾರ, 23ರಂದು, 6, ಒಟ್ಟು 75. ಎರಡು ವಾರ ಓಡಿದ ಮೇಲೆ ಉಸಿರಾಟ ಸಲೀಸಾಗಿ, ಇನ್ನಷ್ಟು ಓಡಬಲ್ಲೆನೆಂಬ ಹುಮ್ಮಸ್ಸು ಬರುವುದು ಸಹಜ. ಆದರೆ ಹೃದಯ ಮತ್ತು ಶ್ವಾಸಕೋಶಗಳು ಹೊಸ ಶ್ರಮಕ್ಕೆ ಒಗ್ಗಿಕೊಳ್ಳುವಷ್ಟು ಬೇಗ ಮೂಳೆಗಳೂ ಸ್ನಾಯುರಜ್ಜುಗಳೂ ಒಗ್ಗಿಕೊಳ್ಳುವುದಿಲ್ಲ. ಮೊಣಕಾಲ ಕೆಳಗಿನ ಮುಂಗಾಲ ಮೂಳೆಯ ನೋವು, ಹಿಮ್ಮಡಿಯ ನೋವು ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಅಂತರದಲ್ಲೇ. ಹಾಗಾಗಿ ಈ ವಾರ ಯಾರೂ ಹೆಚ್ಚುವರಿಯಾಗಿ ಓಡಿ ಮುಂದಿನ ವಾರಕ್ಕೆ ಜಮಾ ಮಾಡಿಕೊಳ್ಳಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಈ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಾರ ಇದೇ.

ನಾಲ್ಕನೆಯ ವಾರ ಮತ್ತೆ 25. ಮಂಗಳವಾರ, 25ರಂದು, 6. ಗುರುವಾರ, 27ರಂದು, 6. ಶನಿವಾರ, 29ರಂದು, ಕೇವಲ 3. ಭಾನುವಾರ, 30ರಂದು, 10 ಕಿಲೋಮೀಟರ್. ಅಲ್ಲಿಗೆ ನೂರು ಪೂರ್ಣವಾಗುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೊತೆಯಲ್ಲಿ ಓಡುವವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಿದರೆ ಸಾಕು. ಗುರುವಾರದ ಓಟದ ಕೊನೆಯ ಒಂದು ಕಿಲೋಮೀಟರನ್ನು ಮಾತ್ರ ಇಷ್ಟವಿದ್ದವರು ಬಿರುಸಾಗಿ ಓಡಬಹುದು. ಕಿಲೋಮೀಟರಿಗೆ ಏಳೂವರೆ ನಿಮಿಷದಂತೆ ಓಡುವವರಿಗೆ 6 ಕಿಲೋಮೀಟರಿಗೆ 45 ನಿಮಿಷ, ಕೊನೆಯ ಭಾನುವಾರದ 10ಕ್ಕೆ ಒಂದೂಕಾಲು ಗಂಟೆ, ಇಡೀ ತಿಂಗಳಿಗೆ ಹನ್ನೆರಡೂವರೆ ಗಂಟೆ ಹಿಡಿಯುತ್ತದೆ. ಕೆಲಸಕ್ಕೆ ಹೋಗುವವರು ಇದರ ಮೇಲೆ ಬೆಳಗಿನ ಸಮಯವನ್ನು ಹೊಂದಿಸಿಕೊಳ್ಳಬಹುದು.

ನವೆಂಬರ್‌ನಲ್ಲಿ ಹಿಂಗಾರು ಮಳೆಯಿಂದಲೋ ಮನೆಯ ಕೆಲಸದಿಂದಲೋ ಒಂದೆರಡು ಓಟ ತಪ್ಪಬಹುದು. ಮಂಗಳವಾರದ ಓಟ ತಪ್ಪಿದರೆ ಬುಧವಾರ ಓಡಿ, ಗುರುವಾರದ ದೂರವನ್ನು 2 ಕಿಲೋಮೀಟರ್ ಕಡಿಮೆ ಮಾಡಿ, ಅದನ್ನು ಶನಿವಾರಕ್ಕೆ ಸೇರಿಸಬೇಕು. ಉದಾಹರಣೆಗೆ ಎರಡನೆಯ ವಾರದಲ್ಲಿ ಹೀಗಾದರೆ ಬುಧವಾರ 6, ಗುರುವಾರ 4, ಶನಿವಾರ 6, ಭಾನುವಾರ 9 ಆಗುತ್ತದೆ. ವಾರದ ಮೊತ್ತ 25 ಹಾಗೆಯೇ ಉಳಿಯುತ್ತದೆ, ಶುಕ್ರವಾರದ ವಿಶ್ರಾಂತಿಯೂ ಕೈತಪ್ಪುವುದಿಲ್ಲ. ಗುರುವಾರದ್ದು ತಪ್ಪಿದರೆ ಶುಕ್ರವಾರ ಓಡಿ ಶನಿವಾರ ಸುಮ್ಮನಿರಬೇಕು. ಬಿಟ್ಟ ಆ ಮೂರು ನಾಲ್ಕು ಕಿಲೋಮೀಟರನ್ನು ಮುಂದಿನ ವಾರದ ಮಂಗಳವಾರ ಮತ್ತು ಗುರುವಾರಗಳಿಗೆ ಹಂಚಿಕೊಳ್ಳಬೇಕು. ಭಾನುವಾರದ ಓಟವನ್ನು ಸೋಮವಾರಕ್ಕೆ ಹಾಕಿಕೊಂಡವರು ಮಂಗಳವಾರ ವಿಶ್ರಮಿಸಿ, ಆ ವಾರವನ್ನು ಮಂಗಳವಾರ ತಪ್ಪಿದ ವಾರದಂತೆಯೇ ನಡೆಸಬೇಕು. ಯಾವ ಕಾರಣಕ್ಕೂ ಸತತ ಮೂರು ದಿನ ಓಡಬಾರದು, ತಪ್ಪಿದ್ದನ್ನೆಲ್ಲ ಒಂದೇ ಭಾನುವಾರಕ್ಕೆ ಹೇರಿಕೊಳ್ಳಲೂಬಾರದು. ಕೊನೆಯ ವಾರದಲ್ಲಿ ತಪ್ಪಿದ ದೂರಕ್ಕೆ ಮುಂದೆ ಜಾಗವಿಲ್ಲದಿದ್ದರೆ ಅದನ್ನು ಬಿಟ್ಟುಬಿಡಬೇಕು. ಜ್ವರ ಬಂದವರು ಓಡಲೇಬಾರದು. ತಪ್ಪಿದ ದೂರವನ್ನು ನೂರರಲ್ಲಿ ಕಳೆದು ಉಳಿದದ್ದನ್ನೇ ತಮ್ಮ ಗುರಿಯೆಂದು ಇಟ್ಟುಕೊಳ್ಳಬೇಕು. ಓಡುವಾಗ ಒಂದೇ ಜಾಗದಲ್ಲಿ ನೋವು ಹೆಚ್ಚುತ್ತಾ ಹೋದರೆ ಅಲ್ಲಿಗೇ ನಿಲ್ಲಿಸಿ ನಡೆದುಕೊಂಡು ಮನೆಗೆ ಹೋಗಬೇಕು.

60 ಕಿಲೋಮೀಟರ್ ಆರಿಸಿಕೊಂಡವರು ಮಂಗಳವಾರ, ಗುರುವಾರ ಮತ್ತು ಭಾನುವಾರ ಮಾತ್ರ ಓಡುತ್ತಾರೆ. ನವೆಂಬರ್ 2ರಂದು 5. ಮೊದಲ ವಾರ 4, 4, 6. ಎರಡನೆಯ ವಾರ 4, 4, 7. ಮೂರನೆಯ ವಾರ 3, 3, 5. ಕೊನೆಯ ವಾರ 4, 4, 7. ಓಟದ ನಡುವೆ ಎರಡು ಮೂರು ನಿಮಿಷ ನಡೆದರೂ ಆ ದೂರವನ್ನು ಲೆಕ್ಕಕ್ಕೆ ಹಿಡಿಯಲಾಗುವುದು.

ಭಾನುವಾರದ ಓಟಗಳಿಗೆ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಸೇರೋಣ. ಮಳೆ ಬಂದ ಮರುದಿನ ಅಲ್ಲಿನ ಮಣ್ಣು ಜಾರುವುದರಿಂದ ಓವಲ್ ಮೈದಾನದ ಸುತ್ತಲಿನ ರಸ್ತೆಯೇ ವಾಸಿ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಈ ತಿಂಗಳ ಯೋಜನೆಯಲ್ಲಿ ಸೇರಿಸಿಲ್ಲ. ಹತ್ತುವವರು ಅದನ್ನು ವಿಶ್ರಾಂತಿಯ ದಿನಕ್ಕೆ ಇಟ್ಟುಕೊಳ್ಳಬಾರದು, ಏಕೆಂದರೆ ಇಳಿಯುವಾಗ ತೊಡೆಗೆ ಬೀಳುವ ಶ್ರಮ ಮರುದಿನದ ಓಟದಲ್ಲಿ ಗೊತ್ತಾಗುತ್ತದೆ.

ಜಿಪಿಎಸ್ ಗಡಿಯಾರಗಳು ದಟ್ಟ ಮರಗಳ ಕೆಳಗೆ ದೂರವನ್ನು ಅಲ್ಪಸ್ವಲ್ಪ ಹೆಚ್ಚುಕಡಿಮೆ ತೋರಿಸುವುದುಂಟು. ಪ್ರತಿ ಓಟದಲ್ಲೂ ಗುರಿಗಿಂತ ನೂರು ಮೀಟರ್ ಹೆಚ್ಚು ಓಡಿದರೆ ಕೊನೆಯ ದಿನ 99.6ರಲ್ಲಿ ಸಿಕ್ಕಿಕೊಳ್ಳುವ ಪ್ರಸಂಗ ಬರುವುದಿಲ್ಲ. ಟ್ರೆಡ್‌ಮಿಲ್‌ನಲ್ಲಿ ಓಡುವವರು ಯಂತ್ರ ತೋರಿಸಿದ ದೂರವನ್ನೇ ಬರೆದುಕೊಳ್ಳಲಿ. ಭಾನುವಾರ ಸಂಜೆ ಏಳರೊಳಗೆ ಪ್ರತಿಯೊಬ್ಬರೂ ತಮ್ಮ ವಾರದ ಮೊತ್ತವನ್ನೂ, ಎಲ್ಲಾದರೂ ನೋವಿದ್ದರೆ ಅದನ್ನೂ ನಮ್ಮ ವಾಟ್ಸ್ಆ್ಯಪ್ ಗುಂಪಿಗೆ ತಿಳಿಸಬೇಕು. ಡಿಸೆಂಬರ್ 1ರಿಂದ 3ರವರೆಗೆ ಎಲ್ಲರಿಗೂ ವಿಶ್ರಾಂತಿ. 4ರ ಗುರುವಾರ 4 ಕಿಲೋಮೀಟರಿನೊಂದಿಗೆ ಮತ್ತೆ ಓಟ ಆರಂಭವಾಗುತ್ತದೆ.