ಐಟಿ ರಿಟರ್ನ್: ಜುಲೈ 31ಕ್ಕೆ ಇನ್ನೂ ಎರಡು ವಾರ ಇದೆ

ನಮಸ್ಕಾರ. 2023-24ರ ಆದಾಯದ ರಿಟರ್ನ್ ಸಲ್ಲಿಸಲು 2024ರ ಜುಲೈ 31, ಬುಧವಾರ ಕೊನೆಯ ದಿನ. ಸಂಬಳದವರು, ಪಿಂಚಣಿ ಪಡೆಯುವವರು, ಆಡಿಟ್ ಬೇಕಿಲ್ಲದ ಸಣ್ಣ ವ್ಯಾಪಾರದವರು, ಎಲ್ಲರಿಗೂ ಇದೇ ತಾರೀಖು. ಗಾಬರಿ ಬೇಡ, ಸಮಯ ಇದೆ. ಕಾಗದಪತ್ರ ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಈ ಸಲ ಒಂದು ವಿಷಯವನ್ನು ಮಾತ್ರ ದಯವಿಟ್ಟು ಗಮನಿಸಿ. 2023-24ರಿಂದ ಹೊಸ ತೆರಿಗೆ ಪದ್ಧತಿಯೇ ಡೀಫಾಲ್ಟ್. ನೀವು ಆಫೀಸಿನಲ್ಲಿ ಏನೂ ಹೇಳದೆ ಇದ್ದರೆ, ಕಂಪನಿ ಹೊಸ ಪದ್ಧತಿಯಲ್ಲೇ ಟಿಡಿಎಸ್ ಹಿಡಿದಿರುತ್ತದೆ. ಮನೆ ಬಾಡಿಗೆ, ಎಲ್‌ಐಸಿ, ಪಿಪಿಎಫ್, ಮಕ್ಕಳ ಸ್ಕೂಲ್ ಫೀಸ್ ಯಾವುದೂ ಲೆಕ್ಕಕ್ಕೆ ಬಂದಿರುವುದಿಲ್ಲ. ಹಳೆ ಪದ್ಧತಿ ನಿಮಗೆ ಲಾಭ ಅನ್ನಿಸಿದರೆ ರಿಟರ್ನ್‌ನಲ್ಲೇ ಅದನ್ನು ಆರಿಸಿಕೊಂಡು, ಜಾಸ್ತಿ ಹಿಡಿದ ತೆರಿಗೆಯನ್ನು ವಾಪಸ್ ಪಡೆಯಬಹುದು. ಆದರೆ 31ರೊಳಗೆ ಸಲ್ಲಿಸಬೇಕು. ಆ ದಿನ ದಾಟಿದರೆ ಸಂಬಳದವರಿಗೆ ಈ ವರ್ಷಕ್ಕೆ ಹಳೆ ಪದ್ಧತಿ ಸಿಗುವುದಿಲ್ಲ. ತಡವಾದರೆ ಕಟ್ಟುವ ಶುಲ್ಕಕ್ಕಿಂತ ಇದರಿಂದ ಆಗುವ ನಷ್ಟ ಎಷ್ಟೋ ಸಲ ದೊಡ್ಡದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಬಾಡಿಗೆ ಮನೆಯಲ್ಲಿ ಇರುವವರಿಗೆ ಇನ್ನೊಂದು ಮಾತು. 2023-24ರ ಎಚ್‌ಆರ್‌ಎ ಲೆಕ್ಕದಲ್ಲಿ ಬೆಂಗಳೂರು ಮೆಟ್ರೋ ನಗರ ಅಲ್ಲ. ಬೇಸಿಕ್‌ನ 50% ಮಿತಿ ಇರುವುದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈಗೆ ಮಾತ್ರ. ನಮಗೆ 40%. ವಿಜಯನಗರದಲ್ಲಿ ತಿಂಗಳಿಗೆ 24,000 ಬಾಡಿಗೆ ಕಟ್ಟುವವರನ್ನು ತೆಗೆದುಕೊಳ್ಳಿ. ಬೇಸಿಕ್ 40,000, ಕಂಪನಿ ಕೊಡುವ ಎಚ್‌ಆರ್‌ಎ 20,000. ಬಾಡಿಗೆಯಲ್ಲಿ ಬೇಸಿಕ್‌ನ 10% ಕಳೆದರೆ 20,000. ಬೇಸಿಕ್‌ನ 40% ಅಂದರೆ 16,000. ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ, ಅಂದರೆ ತಿಂಗಳಿಗೆ 16,000. ಸ್ನೇಹಿತರು ಹೇಳಿದರು ಅಂತ 50% ಹಾಕಿಬಿಟ್ಟರೆ ವರ್ಷಕ್ಕೆ 48,000 ಜಾಸ್ತಿ ತೋರಿಸಿದ ಹಾಗಾಗುತ್ತದೆ. ರಸೀದಿಯನ್ನು ಕಂಪನಿಗೆ ಕೊಡಲು ಮರೆತಿದ್ದರೂ ಚಿಂತೆ ಇಲ್ಲ, ಹಳೆ ಪದ್ಧತಿಯಲ್ಲಿ ರಿಟರ್ನ್ ಹಾಕುವಾಗ ಕೇಳಬಹುದು. ರಸೀದಿ, ಬಾಡಿಗೆ ಕರಾರು, ಬ್ಯಾಂಕಿನಿಂದ ಕಳಿಸಿದ ದಾಖಲೆ ಜೋಪಾನವಾಗಿ ಇಟ್ಟುಕೊಳ್ಳಿ.

ವರ್ಷದ ಮಧ್ಯೆ ಕೆಲಸ ಬದಲಿಸಿದ್ದೀರಾ? ಹಾಗಾದರೆ ಎರಡೂ ಕಂಪನಿಯ ಫಾರಂ 16 ಕಳಿಸಿ. ಹಳೆ ಸಂಬಳದ ವಿವರ ಹೊಸ ಕಂಪನಿಗೆ ಹೋಗದಿದ್ದರೆ, 50,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಎರಡು ಕಡೆಯೂ ಕಳೆದಿರುತ್ತಾರೆ. ಕಡಿಮೆ ದರದ ಸ್ಲ್ಯಾಬ್‌ನ ಲಾಭವನ್ನೂ ಎರಡು ಕಡೆ ಕೊಟ್ಟಿರುತ್ತಾರೆ. ಒಟ್ಟು ಲೆಕ್ಕ ಹಾಕಿದಾಗ ಸ್ವಲ್ಪ ತೆರಿಗೆ ಕಟ್ಟಬೇಕಾಗಿ ಬರುತ್ತದೆ. ಇದು ತುಂಬಾ ಜನರಿಗೆ ಆಗುವಂಥದ್ದು, ನಿಮ್ಮ ತಪ್ಪೇನೂ ಅಲ್ಲ. ಮೊದಲೇ ಗೊತ್ತಾದರೆ ಹಣ ಹೊಂದಿಸಿಕೊಳ್ಳಬಹುದು, ಅಲ್ವಾ?

ಎಫ್‌ಡಿ ಬಡ್ಡಿಗೆ ಟಿಡಿಎಸ್ ಹಿಡಿದಿಲ್ಲ ಎಂದ ಮಾತ್ರಕ್ಕೆ ಅದಕ್ಕೆ ತೆರಿಗೆ ಇಲ್ಲ ಎಂದಲ್ಲ. ಬಡ್ಡಿ, ಡಿವಿಡೆಂಡ್, ಷೇರು ಮಾರಿದ ವಿವರ ಆದಾಯ ತೆರಿಗೆ ಪೋರ್ಟಲ್‌ನ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಸಿಗುತ್ತದೆ. ಅದನ್ನು ನಾವೇ ತಾಳೆ ನೋಡುತ್ತೇವೆ.

ಅಕಸ್ಮಾತ್ 31 ತಪ್ಪಿಹೋದರೆ? ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಲು ಅವಕಾಶ ಇದೆ. ಆದಾಯ 5 ಲಕ್ಷದೊಳಗೆ ಇದ್ದರೆ 1,000, ಮೀರಿದರೆ 5,000 ರೂಪಾಯಿ ಶುಲ್ಕ. ತೆರಿಗೆ ಬಾಕಿ ಇದ್ದರೆ ಅದರ ಮೇಲೆ ತಿಂಗಳಿಗೆ 1% ಬಡ್ಡಿ. ಷೇರಿನಲ್ಲಿ ನಷ್ಟ ಆಗಿದ್ದರೆ ಅದನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆಯಲು ಬರುವುದಿಲ್ಲ. ದಾರಿ ಮುಚ್ಚಿಹೋಗುವುದಿಲ್ಲ, ಖರ್ಚು ಮಾತ್ರ ಜಾಸ್ತಿ.

23ಕ್ಕೆ ಬಜೆಟ್ ಇದೆ, ಅದನ್ನು ನೋಡಿಕೊಂಡು ಹಾಕೋಣ ಅಂತ ಕೆಲವರು ಕೇಳುತ್ತಿದ್ದಾರೆ. ಈಗ ಸಲ್ಲಿಸುವುದು ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ. ಅದಕ್ಕಾಗಿ ಸುಮ್ನೆ ಕಾಯಬೇಡಿ.

ಫಾರಂ 16, ಬ್ಯಾಂಕ್ ಬಡ್ಡಿಯ ಸರ್ಟಿಫಿಕೇಟ್, ಬಾಡಿಗೆ ಮತ್ತು ಹೋಮ್ ಲೋನ್ ವಿವರ ಇವನ್ನು 22ರೊಳಗೆ ವಾಟ್ಸಾಪ್ ಮಾಡಿ. ಫೋಟೋ ಆದರೂ ಪರವಾಗಿಲ್ಲ, ಅಕ್ಷರ ಓದುವ ಹಾಗಿರಲಿ. ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ಕಳಿಸುತ್ತೇವೆ, ನೀವು ನೋಡಿ ಒಪ್ಪಿದ ಮೇಲೆಯೇ ಸಲ್ಲಿಸುವುದು. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಆಗಬೇಕು. ಆಧಾರ್‌ಗೆ ಲಿಂಕ್ ಆದ ಮೊಬೈಲ್ ಕೈಯಲ್ಲಿದ್ದರೆ ಒಂದೇ ನಿಮಿಷದ ಕೆಲಸ. ಅಪ್ಪ ಅಮ್ಮನ ರಿಟರ್ನ್ ಇದ್ದರೆ ಅವರ ಆಧಾರ್ ನಂಬರ್‌ಗೆ ಯಾವ ಮೊಬೈಲ್ ಲಿಂಕ್ ಆಗಿದೆ ಎಂದು ಇವತ್ತೇ ನೋಡಿಬಿಡಿ. ‘ರಿಫಂಡ್ ಬಂದಿದೆ, ಲಿಂಕ್ ಒತ್ತಿ’ ಎಂಬ ಎಸ್‌ಎಂಎಸ್ ಬಂದರೆ ಒತ್ತಬೇಡಿ, ನಮಗೆ ಒಮ್ಮೆ ಕೇಳಿ.

ಬಸವನಗುಡಿಯ ನಮ್ಮ ಆಫೀಸು ಜುಲೈ 21 ಮತ್ತು 28ರ ಭಾನುವಾರಗಳಂದೂ ಬೆಳಿಗ್ಗೆ 10ರಿಂದ 2ರವರೆಗೆ ತೆರೆದಿರುತ್ತದೆ. ಮನೆಯ ಹಿರಿಯರಿಗೆ ಮೆಟ್ಟಿಲು ಹತ್ತಲು ಕಷ್ಟವಾದರೆ ಕೆಳಗಿನಿಂದಲೇ ಫೋನ್ ಮಾಡಿ, ನಾವೇ ಬಂದು ಕಾಗದಪತ್ರ ತೆಗೆದುಕೊಳ್ಳುತ್ತೇವೆ.

#ಐಟಿರಿಟರ್ನ್ #ಜುಲೈ31 #ಬೆಂಗಳೂರು