ಬಸಿರಿನಲ್ಲಿ ಸನ್‌ಸ್ಕ್ರೀನ್, ಕ್ರೀಮು: ಯಾವುದು ಬೇಡ?

ನನಗೀಗ ಎಂಟನೇ ವಾರ. ಗೊತ್ತಾಗುವ ಮೊದಲು ರಾತ್ರಿ ರೆಟಿನಾಲ್ ಕ್ರೀಮ್ ಹಚ್ಚುತ್ತಿದ್ದೆ. ತೊಂದರೆಯಾಗುತ್ತಾ?

ಇವತ್ತೇ ನಿಲ್ಲಿಸಿ, ಆದರೆ ಗಾಬರಿ ಬೇಡ. ಹಚ್ಚಿದ ಕ್ರೀಮು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಟ್ರೆಟಿನಾಯಿನ್, ಅಡಾಪಲೀನ್, ಟಜರೋಟೀನ್, ರೆಟಿನೈಲ್ ಪಾಲ್ಮಿಟೇಟ್ ಎಲ್ಲವೂ ರೆಟಿನಾಲ್ ಕುಟುಂಬದವು, ಅವೂ ಬೇಡ. ನಿಜವಾದ ಅಪಾಯ ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆಯದು. ಅದರಿಂದ ಮಗುವಿನ ಹೃದಯ, ಮೆದುಳು, ಮುಖದ ಬೆಳವಣಿಗೆಯೇ ಕೆಡಬಹುದು. ಅದನ್ನು ತಗೊಂಡಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ.

ಸನ್‌ಸ್ಕ್ರೀನ್ ಬಿಡಬೇಕಾ?

ಬಿಡಲೇಬೇಡಿ! ಈ ಸಮಯದಲ್ಲಿ ಬಂಗು ಬೇಗ ಬರುತ್ತೆ, ಬಿಸಿಲಿಗೆ ಇನ್ನೂ ಕಪ್ಪಾಗುತ್ತೆ. ಆದರೆ ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಆಕ್ಸಿಬೆನ್ಜೋನ್ ಚರ್ಮದಿಂದ ರಕ್ತಕ್ಕೆ ಇಳಿಯುತ್ತೆ. ಮಗುವಿಗೆ ಹಾನಿ ಎಂದು ಸಾಬೀತಾಗಿಲ್ಲ, ಆದರೂ ಬೇರೆ ದಾರಿ ಇರುವಾಗ ಸುಮ್ನೆ ಯಾಕೆ? ಟ್ಯೂಬಿನ ಹಿಂದೆ ಅದು 'ಬೆನ್ಜೋಫಿನೋನ್-3' ಅಂತಲೂ ಇರುತ್ತೆ, ಗಮನಿಸಿ. ಝಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ್ದನ್ನು ಆರಿಸಿ. ಮುಖ ಸ್ವಲ್ಪ ಬೆಳ್ಳಗೆ ಕಾಣಬಹುದು, ಅಷ್ಟೇ. ಸ್ಪ್ರೇ ಬೇಡ, ಉಸಿರಿನ ಜೊತೆ ಒಳಗೆ ಹೋಗುತ್ತೆ.

ಬಂಗಿಗೆ ಹೈಡ್ರೋಕ್ವಿನೋನ್ ಹಚ್ಚಬಹುದಾ?

ಬೇಡ. ಹಚ್ಚಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದೇಹಕ್ಕೆ ಸೇರುತ್ತೆ. ಬದಲಿಗೆ ಅಜೆಲಾಯಿಕ್ ಆಸಿಡ್ ಆಗುತ್ತೆ, ಮೊಡವೆಗೂ ಒಳ್ಳೆಯದು.

ಸ್ಯಾಲಿಸಿಲಿಕ್ ಆಸಿಡ್ ಫೇಸ್‌ವಾಶ್?

2% ಒಳಗಿದ್ದು, ಹಚ್ಚಿ ತೊಳೆಯುವುದಾದರೆ ಪರವಾಗಿಲ್ಲ. ಪಾರ್ಲರಿನ ಗಟ್ಟಿ ಪೀಲ್ ಬೇಡ.

ವಿಟಮಿನ್ ಸಿ, ನಯಾಸಿನಮೈಡ್?

ಆರಾಮಾಗಿ ಹಚ್ಚಿ.