ಹೂವಜ್ಜಿಗೆ 80: ಗೋಡೆ ಮೇಲಿನ ಮನೆ

(ಭೂಮಿ ಹುಣ್ಣಿಮೆಯ ಬೆಳಿಗ್ಗೆ ಅಜ್ಜಿಯ ಮೊಬೈಲಿಗೆ ಹೋಗುವ ಅನಿಮೇಶನ್ ವಿಡಿಯೋ. ಸುಮಾರು ಆರು ನಿಮಿಷ. ಅಜ್ಜಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಅದಕ್ಕೇ ಎಲ್ಲವೂ ದನಿಯಲ್ಲಿದೆ. ತೆರೆಯ ಮೇಲೆ ಬರಹ ತೀರಾ ಕಡಿಮೆ, ಅದೂ ದಪ್ಪಕ್ಷರದಲ್ಲಿ.)

ಶುರು

ತೆರೆ ತುಂಬ ಕೆಮ್ಮಣ್ಣು ಬಳಿದ ಗೋಡೆ. ಬೇರೇನೂ ಇಲ್ಲ. ನಸುಕಿನ ಸದ್ದು, ದೂರದಲ್ಲಿ ಗದ್ದೆ ಕಡೆಯಿಂದ "ಹಚ್ಚಂಬಲಿ, ಹಾಲಂಬಲಿ" ಎನ್ನುವ ಕೂಗು. ಆಮೇಲೆ ಕೊಳಲು, ತಗ್ಗಿದ ದನಿಯಲ್ಲಿ. ಗೋಡೆಯ ಎಡಗಡೆಯಿಂದ ಒಂದು ಬಿಳಿ ಗೆರೆ ನಿಧಾನವಾಗಿ ಹೊರಡುತ್ತದೆ.

ಸಿಂಧು: ಅಜ್ಜೀ, ನಾನು ಸಿಂಧು. ಇಷ್ಟೊತ್ತಿಗೆ ನೀನು ಎದ್ದೇ ಇರ್ತೀಯ, ಗೊತ್ತು. ಒಂದು ಐದು ನಿಮಿಷ ಕೂತ್ಕೋ. ಒಲೆ ಅಮ್ಮ ನೋಡ್ಕೊಳ್ತಾಳೆ.

ಆಧಾರ್ ಕಾರ್ಡಿನಲ್ಲಿ ನೀನು ಹುಟ್ಟಿದ್ದು ಜನವರಿ ಒಂದಕ್ಕೆ ಅಂತಿದೆ. ಅದನ್ನು ನಾವ್ಯಾರೂ ಒಪ್ಪುವುದಿಲ್ಲ. 1945ರ ಭೂಮಿ ಹುಣ್ಣಿಮೆ ದಿನ ನಿನ್ನ ಅಪ್ಪ ಹಚ್ಚಂಬಲಿ ಬೀರಲು ಗದ್ದೆಗೆ ಹೋಗಿದ್ದರು. ವಾಪಸ್ ಬರುವಷ್ಟರಲ್ಲಿ ನೀನು ಹುಟ್ಟಿದ್ದೆ. ಹಾಗಾಗಿ ನಿನ್ನ ಹುಟ್ಟುಹಬ್ಬ ಇವತ್ತೇ.

ತೆರೆಯ ಮೇಲೆ: ಹೂವಜ್ಜಿಗೆ 80

ಹೊಳೆ ದಂಡೆಯ ಮನೆ

ಸಿಂಧು: ನಿನ್ನ ತವರುಮನೆಯ ಒಂದೇ ಒಂದು ಫೋಟೋ ನಮ್ಮಲ್ಲಿಲ್ಲ. ಆದರೆ ನೀನು ನಂಗೆ ಕಳಿಸಿದ ವಾಯ್ಸ್ ಮೆಸೇಜುಗಳಿವೆ. ಯಾವುದನ್ನೂ ನಾನು ಅಳಿಸಿಲ್ಲ. ಅವನ್ನೆಲ್ಲ ಮತ್ತೆ ಮತ್ತೆ ಕೇಳಿ, ನೀನು ಹೇಳಿದ ಹಾಗೇ ಬರೆದಿದ್ದೇನೆ.

ಅಜ್ಜಿಯ ದನಿ: "ಮೂರಂಕಣದ ಮನೆ ಕಣೇ. ಮೊದ್ಲು ಸೋಗೆ ಹೊದ್ಸಿದ್ರು, ಹೆಂಚು ಆಮೇಲೆ ಬಂತು. ಜಗಲಿ ಮೇಲೆ ಕೂತ್ರೆ ಶರಾವತಿ ಕಾಣ್ತಿತ್ತು. ಮಳೆಗಾಲದಲ್ಲಿ ಹೊಳೆ ಸದ್ದಿಗೆ ಮಾತು ಕೇಳ್ತಿರ್ಲಿಲ್ಲ, ಕೂಗಿ ಮಾತಾಡ್ಬೇಕಿತ್ತು. ಹಿತ್ತಲ ಬಾಗ್ಲು ತೆಗೆದ್ರೆ ಎದುರಿಗೇ ಹಲಸಿನ ಮರ."

ಅಜ್ಜಿ ಹೇಳುತ್ತ ಹೋದ ಹಾಗೆ ಬಿಳಿ ಗೆರೆ ಕಂಬವಾಗುತ್ತದೆ, ಮಾಡಾಗುತ್ತದೆ, ಜಗಲಿಯಾಗುತ್ತದೆ. ಕೊನೆಗೆ ಹಿತ್ತಲಲ್ಲಿ ಹಲಸಿನ ಮರ.

ಚಿಕ್ಕಜ್ಜಿಯ ದನಿ, ತುಮರಿಯಿಂದ: "ಅಲ್ಲ ಅಕ್ಕಾ! ಹಲಸಿನ ಮರ ಹಿತ್ತಲಲ್ಲಿ ಎಲ್ಲಿತ್ತು? ಕೊಟ್ಟಿಗೆ ಪಕ್ಕ ಅಲ್ವಾ ಇದ್ದಿದ್ದು? ನಾನು ಅದ್ರಿಂದ ಬಿದ್ದಿದ್ದು ಸೀದಾ ಗೊಬ್ಬರದ ಗುಂಡಿಗೆ!"

ಕೊಟ್ಟಿಗೆ ಪಕ್ಕ ಇನ್ನೊಂದು ಹಲಸಿನ ಮರ ಮೂಡುತ್ತದೆ. ಎರಡೂ ಹಾಗೇ ಉಳಿಯುತ್ತವೆ.

ಹಸೆ

ಕೊಳಲು ನಿಲ್ಲುತ್ತದೆ. ಅಜ್ಜಿ ಗುನುಗುವ ಹಸೆ ಹಾಡಿನ ದನಿ ಮಾತ್ರ. (ಹೋದ ವರ್ಷ ಬುಟ್ಟಿಗೆ ಚಿತ್ತಾರ ಬರೆಯುವಾಗ ರೆಕಾರ್ಡ್ ಮಾಡಿಕೊಂಡದ್ದು. ನಡುವೆ ಕೆಮ್ಮುವುದನ್ನು ಕತ್ತರಿಸಬೇಡಿ, ಆಚೆ ಮನೆ ಕೋಳಿ ಕೂಗುವುದನ್ನೂ ಬಿಡಿ.)

ಸಿಂಧು: ಇದು 1962. ನಿನ್ನ ಮದುವೆ. ನಿನ್ನ ಅವ್ವ ಮತ್ತು ಅತ್ತೆಯರು ಒಳಗಿನ ಗೋಡೆ ಮೇಲೆ ಹಸೆ ಬರೆಯುತ್ತಿದ್ದಾರೆ. ಅಕ್ಕಿ ಅರೆದು ಮಾಡಿದ ಬಿಳಿ, ಅಕ್ಕಿ ಸುಟ್ಟು ಮಾಡಿದ ಕಪ್ಪು, ಗುರಿಗೆ ಕಾಯಿಯ ಹಳದಿ, ಕೆಮ್ಮಣ್ಣು. ಕುಂಚ ಪುಂಡಿ ನಾರಿನದು. ಬಣ್ಣ ನಾಲ್ಕೇ ಇರಬೇಕು, ಗೆರೆ ನಡುಗಬಾರದು ಅಂತ ನೀನು ನಂಗೆ ಎಷ್ಟು ಸಲ ಹೇಳಿದ್ದೀಯ! ಈ ವಿಡಿಯೋದಲ್ಲೂ ನಾಲ್ಕೇ ಬಣ್ಣ ಇಟ್ಟಿದ್ದೇನೆ ಅಜ್ಜಿ. ಮೊದಲು ಕುಂಚದಲ್ಲೇ ಹಾಳೆ ಮೇಲೆ ಬರೆದು, ಆಮೇಲೆ ಕಂಪ್ಯೂಟರಿಗೆ ಹಾಕಿ ಚಿತ್ರಗಳಿಗೆ ಓಡಾಟ ಕೊಟ್ಟೆ.

ಚಿತ್ತಾರದೊಳಗಿನ ಪುಟ್ಟ ಪುಟ್ಟ ಗೊಂಬೆಗಳು ಸಾಲಾಗಿ ನಡೆಯತೊಡಗುತ್ತವೆ. ದಂಡಿಗೆ ಹೊತ್ತವರು, ದೀಪ ಹಿಡಿದವರು. ನಡುವೆ ತಲೆ ತಗ್ಗಿಸಿದ ಹುಡುಗಿ, ಹದಿನೇಳರ ಹೂವಮ್ಮ.

ನೀರು

(ಇಲ್ಲಿ ಸಂಗೀತ ಬೇಡ. ಅಳಿಸುವ ವಯೊಲಿನ್ ಅಂತೂ ಬೇಡವೇ ಬೇಡ.)

ಅಜ್ಜಿಯ ದನಿ: "ಲಿಂಗನಮಕ್ಕಿ ಕಟ್ಟೆ ಮುಗೀತು, ನೀರು ಬರುತ್ತೆ ಅಂದ್ರು. ನಾನು ಬಾಣಂತನಕ್ಕೆ ಬಂದಿದ್ದೆ, ಮಂಜ ಕೈಗೂಸು. ಅಪ್ಪ ಹೆಂಚು ಇಳಿಸಿದ್ರು, ತೊಲೆ ಬಿಚ್ಚಿದ್ರು, ಗಾಡಿಗೆ ಹೇರಿದ್ರು. ಗೋಡೆ ಬಿಟ್ಟು ಬಂದ್ವಿ. ಗೋಡೆ ಹೊತ್ಕೊಂಡು ಬರೋಕಾಗುತ್ತಾ? ಹಸೆ ಅದ್ರ ಮೇಲೇ ಇತ್ತು."

ತೆರೆಯ ಕೆಳಗಿನಿಂದ ಕಪ್ಪು ಗೆರೆಗಳು ಒಂದರ ಮೇಲೊಂದು ಏರುತ್ತವೆ. ಜಗಲಿ, ಬಾಗಿಲು, ಹಸೆ, ಎರಡೂ ಹಲಸಿನ ಮರ. 1964.

ಸಿಂಧು: ಆ ನೀರಿನಿಂದ ಎಲ್ಲೆಲ್ಲಿಗೋ ಕರೆಂಟು ಹೋಯಿತು. ನೀವು ಬಂದು ನೆಲೆಸಿದ ಕಾಡಿನ ಊರಲ್ಲಿ ನೀನು ಬುಡ್ಡಿ ದೀಪದಲ್ಲೇ ನಾಲ್ಕು ಮಕ್ಕಳನ್ನು ಬೆಳೆಸಿದೆ. ಇದನ್ನು ನಾವು ಮರೆತಿಲ್ಲ ಅಜ್ಜಿ.

ಮಂಜಪ್ಪನ ದನಿ: "ಅವ್ವಾ, ನಾ ಮಂಜ. ನಾ ಹುಟ್ಟಿದ ಮನೆ ಹೆಂಗಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಬೇಸಿಗೇಲಿ ನೀರು ಇಳಿದಾಗ ನೀನು ಕೈ ತೋರ್ಸಿ, ಅಲ್ಲೇ ಅಂತಿದ್ದೆ. ನಂಗೆ ಬರೀ ಕೆಸ್ರು, ಮರದ ಬೊಡ್ಡೆ ಕಾಣ್ತಿತ್ತು. ಮೊನ್ನೆ ಸಿಂಧು ಈ ಚಿತ್ರ ತೋರ್ಸಿದ್ಲು. ನಾ ಮಲಗಿದ್ದ ತೊಟ್ಲೂ ಬರ್ದಿದಾಳೆ... ಅರವತ್ತು ದಾಟಿದ ಮೇಲೆ ನೋಡ್ದೆ ಅವ್ವಾ. ಇನ್ನೇನೂ ಹೇಳೋಕೆ ಬರ್ತಿಲ್ಲ. ಆರಾಮಾಗಿರು."

(ಅವನು ಮಾತು ನಿಲ್ಲಿಸಿದ ಮೇಲೂ ತೊಟ್ಟಿಲ ಚಿತ್ರ ಸ್ವಲ್ಪ ಹೊತ್ತು ಇರಲಿ.)

ಬುಟ್ಟಿ

ಕೊಳಲು ಮತ್ತೆ ಬರುತ್ತದೆ, ಜೊತೆಗೆ ಸಣ್ಣದಾಗಿ ಡೋಲು. ಕಪ್ಪು ಗೆರೆಗಳು ಹೆಣೆದುಕೊಂಡು ಭೂಮಣ್ಣಿ ಬುಟ್ಟಿಯಾಗುತ್ತವೆ.

ಪ್ರವೀಣನ ದನಿ, ಬೆಂಗಳೂರಿನಿಂದ: "ಅಜ್ಜಿ, ಹ್ಯಾಪಿ ಬರ್ತ್‌ಡೇ! ನಾನು ಪಿಯುಸಿ ಓದೋವಾಗ ನೀನು ರಾತ್ರಿಯೆಲ್ಲ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳೀತಾ ಕೂತಿರ್ತಿದ್ದೆ. ಹಬ್ಬಕ್ಕೆ ಇನ್ನೂ ಟೈಮಿದೆ, ಮಲ್ಕೋ ಅಂದ್ರೆ ಕೇಳ್ತಿರ್ಲಿಲ್ಲ. ಒಬ್ಬನೇ ಓದ್ತಾ ಕೂತ್ರೆ ನಂಗೆ ನಿದ್ದೆ ಬರುತ್ತೆ ಅಂತ ಎದ್ದಿರ್ತಿದ್ದೆ ಅಂತ ನಂಗೆ ಆಮೇಲೆ ಹೊಳೀತು. ಥ್ಯಾಂಕ್ಸ್ ಅಜ್ಜಿ."

ಧೃತಿಯ ದನಿ, ಐದು ವರ್ಷ: "ಮುತ್ತಜ್ಜೀ, ನಾನು ಒಂದು ಕೋಳಿ ಬರ್ದಿದೀನಿ. ಅದಕ್ಕೆ ಕಾಲು ಮೂರು."

ಮೂರು ಕಾಲಿನ ಕೋಳಿ, ಅವಳು ಬರೆದ ಹಾಗೇ, ನೀಲಿ ಬಣ್ಣದಲ್ಲಿ ತೆರೆಯ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಇದು ಐದನೇ ಬಣ್ಣ. ಅಜ್ಜಿ ಒಪ್ಪುತ್ತಾಳೆ.

ಸೇತುವೆ

ಹಿನ್ನೀರಿನ ಮೇಲೆ ಲಾಂಚು. ಅದರಲ್ಲಿ ಬಸ್ಸು, ಬೈಕು, ಜನ. ನಿಧಾನವಾಗಿ ಅದರ ಹಿಂದೆ ಉದ್ದನೆಯ ಸೇತುವೆ ಮೂಡುತ್ತದೆ.

ಚಿಕ್ಕಜ್ಜಿಯ ದನಿ: "ಅಕ್ಕಾ, ಕೇಳ್ತಾ? ಈ ಸಲ ಲಾಂಚು ಕಾಯೋದಿಲ್ಲ, ಕಡೇ ಲಾಂಚು ತಪ್ಪುತ್ತೆ ಅಂತ ಮಧ್ಯಾಹ್ನವೇ ಎದ್ದು ಹೊರಡೋದೂ ಇಲ್ಲ. ಜುಲೈನಲ್ಲಿ ಸೇತುವೆ ಶುರುವಾಯ್ತಲ್ಲ, ಹುಡುಗ ಕಾರಲ್ಲಿ ಕರ್ಕೊಂಡು ಬರ್ತಾನಂತೆ. ರಾತ್ರಿ ಅಲ್ಲೇ ಉಳೀತೀನಿ. ಎಲೆ ಅಡಿಕೆ ತರ್ತೀನಿ. ಹಲಸಿನ ಮರದ ವಿಷ್ಯ ಎದುರಾಎದುರು ಕೂತು ಮಾತಾಡಣ."

ಎಲ್ಲರ ದನಿ ಒಟ್ಟಿಗೆ, ಒಬ್ಬರ ಹಿಂದೊಬ್ಬರು, ತಾಳ ತಪ್ಪಿದರೂ ಪರವಾಗಿಲ್ಲ: "ಹುಟ್ಟುಹಬ್ಬದ ಶುಭಾಶಯ ಅಜ್ಜೀ!" "ಅವ್ವಾ!" "ಅಕ್ಕಾ!" "ಮುತ್ತಜ್ಜೀ!"

ಸಿಂಧು: ಅಜ್ಜಿ, ಹನ್ನೊಂದು ಗಂಟೆಯೊಳಗೆ ಎಲ್ಲರೂ ಗದ್ದೆ ಹತ್ತಿರ ಬರುತ್ತೇವೆ. ಕೊಟ್ಟೆಕಡುಬು ಅಮ್ಮ ಮಾಡುತ್ತಾಳೆ, ನೀನು ಬಾಳೆ ಎಲೆಗೆ ಕೈ ಹಾಕಬೇಡ. ಮನೆಯ ಚಿತ್ರವನ್ನು ದೊಡ್ಡ ಬಟ್ಟೆಯ ಮೇಲೂ ಬರೆದು ತರುತ್ತಿದ್ದೇನೆ. ಬಾಗಿಲು ಮೂಡಣಕ್ಕೆ ಇಟ್ಟಿದ್ದೇನೆ, ಅದು ಸರಿನಾ ಅಂತ ನೋಡಿ ಹೇಳು. ಕಿಟಕಿ ಎಷ್ಟು ಅಂತ ನೀನು ಹೇಳಿಲ್ಲ, ಅಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ. ಬಣ್ಣ, ಕುಂಚ ಎರಡೂ ತರುತ್ತೇನೆ.